‘ಒಮ್ಮೆ ಸಿಗೋಣ’ ಎಂದರೆ ಯಾವಾಗ ಸಿಗುವುದು?

ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಊಟದ ಮುಂದಿನ ಪಂಕ್ತಿಗಾಗಿ ಕಾಯುತ್ತ ನಿಂತಿದ್ದಾಗ, 11 ವರ್ಷಗಳ ಹಿಂದೆ ನನ್ನ ಪಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಎದುರಾದರು. ಹತ್ತು ನಿಮಿಷ ಮಾತನಾಡಿದೆವು. ಅವರು ಯಲಹಂಕದ ಕಡೆ ಮನೆ ಮಾಡಿದ್ದು, ಮಗಳ ಪಿಯುಸಿ, ನಾವಿಬ್ಬರೂ ಸೇರಿ ರಾತ್ರಿಯಿಡೀ ಕುಳಿತು ಮುಗಿಸಿದ್ದ ಹಳೆಯ ಲೆಕ್ಕಪತ್ರದ ಕೆಲಸ, ಎಲ್ಲವೂ ಬಂದುಹೋದವು. ಪಂಕ್ತಿ ಎದ್ದ ಸದ್ದಾದಾಗ ಅವರು, ‘ಒಮ್ಮೆ ಸಿಗೋಣ ಸಾರ್, ಆರಾಮಾಗಿ ಕೂತು ಮಾತಾಡೋಣ’ ಎಂದರು. ‘ಖಂಡಿತ ಸಿಗೋಣ’ ಎಂದು ನಾನೂ ಹೇಳಿದೆ. ಮನೆಗೆ ಹಿಂತಿರುಗುವಾಗ ನನ್ನ ಹೆಂಡತಿ ‘ಯಾವಾಗಂತೆ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರು ನಿಜವಾಗಿ ಕರೆದರೋ ಅಥವಾ ಮಾತು ಮುಗಿಸಿದರೋ ಎಂಬುದೇ ನನಗೆ ತಿಳಿಯಲಿಲ್ಲ.

ದಿನ ಗೊತ್ತುಮಾಡದ ಈ ಬಗೆಯ ಕರೆಯನ್ನು ನಾವೆಲ್ಲರೂ ಆಡುತ್ತೇವೆ, ಕೇಳುತ್ತೇವೆ. ಅದು ಸುಳ್ಳೋ ನಿಜವೋ ಎಂದು ಆ ವಾಕ್ಯವನ್ನಷ್ಟೇ ಹಿಡಿದು ನೋಡಿದರೆ ಏನೂ ಹೊರಡುವುದಿಲ್ಲ, ಏಕೆಂದರೆ ಮನಸ್ಸಿಟ್ಟು ಹೇಳುವವರೂ ಶಿಷ್ಟಾಚಾರಕ್ಕೆ ಹೇಳುವವರೂ ಬಳಸುವುದು ಅದೇ ಮೂರು ನಾಲ್ಕು ಪದಗಳನ್ನೇ. ಆದ್ದರಿಂದ ವಾಕ್ಯದೊಳಗೆ ಹುಡುಕುವ ಬದಲು ಅದು ಮಾತಿನ ಯಾವ ಜಾಗದಲ್ಲಿ ಬಂತು, ಅದರ ಹಿಂದೆ ಏನಿತ್ತು, ಮುಂದೆ ಏನಾಯಿತು ಎಂಬುದನ್ನು ನೋಡಬೇಕಾಗುತ್ತದೆ.

ಮೊದಲಿಗೆ ಜಾಗ. ಸಂಭಾಷಣೆಯನ್ನು ಮುಗಿಸುವುದು ಸುಲಭದ ಕೆಲಸವಲ್ಲ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ 1973ರ ಒಂದು ಲೇಖನದಲ್ಲಿ ಬಿಡಿಸಿ ತೋರಿಸಿದರು. ಇಬ್ಬರೂ ಸರದಿಯಂತೆ ಮಾತನಾಡುತ್ತಿರುವಾಗ ಒಬ್ಬರು ಥಟ್ಟನೆ ಸುಮ್ಮನಾದರೆ ಅದು ಮುಕ್ತಾಯವೆನಿಸದೆ ಮುನಿಸಿನಂತೆ ಕಾಣುತ್ತದೆ. ಹಾಗಾಗಿ ಹೊರಡುವ ಮುನ್ನ ಇಬ್ಬರೂ ಸೇರಿ ಮುಕ್ತಾಯಕ್ಕೆ ದಾರಿ ಮಾಡಿಕೊಳ್ಳಬೇಕಾಗುತ್ತದೆ, ಮತ್ತು ಮುಂದಿನ ಭೇಟಿಯ ಪ್ರಸ್ತಾಪ ಆ ದಾರಿಗಳಲ್ಲಿ ಒಂದು. ನಮ್ಮ ಭಾಷೆಯಲ್ಲಿ ಇದು ಇನ್ನೂ ಆಳಕ್ಕೆ ಇಳಿದಿದೆ. ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಅಥವಾ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ, ಮತ್ತು ಇನ್ನೆಂದೂ ಆ ಮನೆಯ ಮೆಟ್ಟಿಲು ತುಳಿಯುವ ಸಂದರ್ಭವಿಲ್ಲದವರೂ ಹಾಗೆಯೇ ಹೇಳುತ್ತಾರೆ. ‘ಬರ್ತೀನಿ ಅಂದಿರಲ್ಲ, ಯಾವಾಗ?’ ಎಂದು ಯಾರೂ ಕೇಳುವುದಿಲ್ಲ. ಮಾತು ಮುಗಿಯುವ ಅಂಚಿನಲ್ಲಿ, ಚಪ್ಪಲಿ ಹಾಕಿಕೊಳ್ಳುತ್ತ ಅಥವಾ ಬಸ್ಸು ಬಂದಾಗ ಹೇಳಿದ ‘ಒಮ್ಮೆ ಸಿಗೋಣ’ ಬಹಳಮಟ್ಟಿಗೆ ಇದೇ ಜಾತಿಗೆ ಸೇರುತ್ತದೆ. ಅದೇ ಮಾತು ಸಂಭಾಷಣೆಯ ನಡುವೆ, ಯಾವುದೋ ವಿಷಯ ಬಂದು ‘ಇದನ್ನ ಹೀಗೆ ನಿಂತು ಮಾತಾಡೋಕಾಗಲ್ಲ, ಒಮ್ಮೆ ಸಿಗೋಣ’ ಎಂದು ಬಂದಿದ್ದರೆ, ಅಲ್ಲಿ ಅದಕ್ಕೆ ಮುಕ್ತಾಯದ ಕೆಲಸವಿಲ್ಲ. ಅದು ಇನ್ನೇನೋ ಹೇಳಲೆಂದೇ ಬಂದಿದೆ.

ಇನ್ನು ‘ಸಿಗು’ ಎಂಬ ಕ್ರಿಯಾಪದವೇ ಸ್ವಾರಸ್ಯವಾಗಿದೆ. ಕಳೆದುಹೋದ ಕೀಲಿಕೈ ಸಿಗುತ್ತದೆ, ಬಸ್ಸಿನಲ್ಲಿ ಸೀಟು ಸಿಗುತ್ತದೆ, ಸಂತೆಯಲ್ಲಿ ಹಳೆಯ ಗೆಳೆಯ ಸಿಗುತ್ತಾನೆ. ಈ ಯಾವುದರಲ್ಲೂ ಮಾಡುವವನೊಬ್ಬ ಯೋಜನೆ ಹಾಕಿ ನಡೆಸಿದ ಕೆಲಸವಿಲ್ಲ, ಅದು ತಾನಾಗಿ ಒದಗಿಬಂದದ್ದು. ಅದೇ ಪದಕ್ಕೆ ‘ಓಣ’ ಸೇರಿಸಿ ‘ಸಿಗೋಣ’ ಎಂದಾಗ ಇಬ್ಬರೂ ಸೇರಿ ಮಾಡುವ ಸಂಕಲ್ಪದ ರೂಪ ಬಂದರೂ, ತಾನಾಗಿ ಒದಗುವ ಆ ಹಳೆಯ ಅರ್ಥದ ವಾಸನೆ ಪೂರ್ತಿಯಾಗಿ ಹೋಗುವುದಿಲ್ಲ. ‘ಭಾನುವಾರ ಊಟಕ್ಕೆ ಬನ್ನಿ’ ಎಂದವರ ಮೇಲೆ ಅಡುಗೆ ಮಾಡುವ ಹೊಣೆ ಬೀಳುತ್ತದೆ. ‘ಒಮ್ಮೆ ಸಿಗೋಣ’ ಎಂದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ, ಅದನ್ನು ಕೇಳಿದವರ ಮೇಲೂ ಬೀಳುವುದಿಲ್ಲ. ‘ಬಿಡುವಾದಾಗ ಬನ್ನಿ’, ‘ಈ ಕಡೆ ಬಂದಾಗ ಮನೆಗೆ ಬನ್ನಿ’ ಎಂಬವು ಇವೆರಡರ ನಡುವೆ ನಿಲ್ಲುತ್ತವೆ. ಬಾಗಿಲು ತೆರೆದಿದೆ ಎನ್ನುತ್ತಲೇ ದಿನ ಹಾಕುವ ಕೆಲಸವನ್ನು ಕೇಳುಗರಿಗೆ ಒಪ್ಪಿಸಿಬಿಡುತ್ತವೆ.

ಹೀಗೆ ಹೊಣೆಯನ್ನು ತೇಲಿಬಿಡುವುದು ಏಕೆ? ಇದಕ್ಕೆ ಬಹಳ ಜನ ಕೊಡುವ ಉತ್ತರ, ನಗರದ ಮಂದಿಯ ಕಪಟ ಎಂದು. ನಾನು ಅದನ್ನು ಒಪ್ಪುವುದಿಲ್ಲ. ಕರೆದವರಿಗೆ ‘ಆಗುವುದಿಲ್ಲ’ ಎಂಬ ಉತ್ತರ ಬಂದರೆ ಅವರ ಮುಖ ಸಣ್ಣದಾಗುತ್ತದೆ, ‘ಆಗುವುದಿಲ್ಲ’ ಎನ್ನಬೇಕಾದವರಿಗೂ ಅಷ್ಟೇ ಮುಜುಗರ. ಇಂಗ್ಲಿಷ್ ಬರಹಗಳಲ್ಲೂ ಇದಕ್ಕೆ ‘ಮುಖ’ ಎಂಬ ಪದವನ್ನೇ ಬಳಸಿದವರಿದ್ದಾರೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರಲ್ಲಿ ಬರೆದ ಪ್ರಬಂಧದ ವಸ್ತುವೇ ಎದುರುಬದುರಿನ ಭೇಟಿಯಲ್ಲಿ ಜನ ತಮ್ಮ ಮುಖವನ್ನೂ ಎದುರಿನವರ ಮುಖವನ್ನೂ ಉಳಿಸಿಕೊಳ್ಳುವ ಬಗೆ. ದಿನ ಹೇಳದ ಕರೆಗೆ ಯಾರೂ ‘ಇಲ್ಲ’ ಎನ್ನಬೇಕಾಗಿಲ್ಲ, ಹಾಗಾಗಿ ಯಾರ ಮುಖವೂ ಸಣ್ಣದಾಗುವುದಿಲ್ಲ. ನಿರಾಕರಣೆಯನ್ನು ಕಾಲದ ಮೇಲೆ ಹಾಕುವ ಈ ಜಾಣತನ ನಮ್ಮಲ್ಲಿ ಹೊಸದೇನಲ್ಲ. ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ‘ಬರಬೇಡ’ ಎಂದು ಎದುರಾಡುವ ಬದಲು ಮನೆಯ ಗೋಡೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದವರು ನಾವು. ದೆವ್ವ ಪ್ರತಿ ರಾತ್ರಿಯೂ ಓದಿಕೊಂಡು ಹಿಂತಿರುಗುತ್ತದೆ, ಮರ್ಯಾದೆಗೆ ಎಲ್ಲೂ ಕುಂದಿಲ್ಲ.

ಆದರೆ ತೇಲುವ ಮಾತೆಲ್ಲ ‘ನಾಳೆ ಬಾ’ ಆಗಿರುವುದಿಲ್ಲ ಎಂಬುದೇ ತೊಡಕು. ಅಮೆರಿಕದ ಭಾಷಾವಿಜ್ಞಾನಿ ನೆಸ್ಸಾ ವುಲ್ಫ್‌ಸನ್ ಮತ್ತು ಅವರ ಸಂಗಡಿಗರು 1980ರ ದಶಕದ ಆರಂಭದಲ್ಲಿ ದಿನನಿತ್ಯದ ಮಾತುಕತೆಗಳನ್ನು ಸಂಗ್ರಹಿಸಿ, ಅಲ್ಲಿನ ಜನ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆಂದು ನೋಡಿದರು. ಸಂದೇಹಕ್ಕೆ ಎಡೆಯಿಲ್ಲದ ಕರೆಯಲ್ಲಿ ಕಾಲವಿರುತ್ತದೆ, ಜಾಗವೋ ಮಾಡುವ ಕೆಲಸವೋ ಇರುತ್ತದೆ, ಮತ್ತು ಉತ್ತರದ ಅಪೇಕ್ಷೆಯಿರುತ್ತದೆ. ‘ಶನಿವಾರ ಸಂಜೆ ನಾಟಕಕ್ಕೆ ಹೋಗೋಣ, ಬರ್ತೀರಾ?’ ಎಂಬುದರಲ್ಲಿ ಮೂರೂ ಇವೆ. ಇವು ಇಲ್ಲದ ‘ಯಾವಾಗಲಾದರೂ ಸೇರೋಣ’ ಎಂಬುದನ್ನು ಅವರು ಪೊಳ್ಳು ಎಂದು ತಳ್ಳಿಹಾಕಲಿಲ್ಲ. ಎದುರಿನವರು ಹಿಡಿದುಕೊಂಡರೆ ಅದು ಕರೆಯಾಗಿ ಬೆಳೆಯಬಹುದು, ಹಿಡಿದುಕೊಳ್ಳದಿದ್ದರೆ ಅಲ್ಲಿಗೇ ನಿಲ್ಲಬಹುದು. ಅಂದರೆ ಅದು ಎಸೆದು ನೋಡಿದ ಒಂದು ಎಳೆ. ನೇಯ್ಗೆ ಆಗಬೇಕಾದರೆ ಇಬ್ಬರೂ ಕೈ ಹಾಕಬೇಕು.

ವುಲ್ಫ್‌ಸನ್ ಕಂಡ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಉಪಯುಕ್ತವೆನಿಸಿದೆ. ತೀರ ಹತ್ತಿರದವರೊಂದಿಗೂ ಪೂರ್ತಿ ಅಪರಿಚಿತರೊಂದಿಗೂ ನಾವು ಆಡುವ ಮಾತು ಹೆಚ್ಚು ನೇರವಾಗಿರುತ್ತದೆ, ಸುತ್ತುಬಳಸು ತುಂಬಿರುವುದು ನಡುವಿನವರೊಂದಿಗೆ. ಅಕ್ಕನಿಗೆ ಯಾರೂ ‘ಒಮ್ಮೆ ಸಿಗೋಣ’ ಎನ್ನುವುದಿಲ್ಲ, ‘ಗುರುವಾರ ಬರ್ತೀನಿ, ಏನಾದ್ರೂ ಮಾಡಿರು’ ಎನ್ನುತ್ತಾರೆ. ಆಟೋ ಚಾಲಕರಿಗೂ ಹಾಗೆನ್ನುವುದಿಲ್ಲ. ಹಳೆಯ ಸಹೋದ್ಯೋಗಿ, ಮಗುವಿನ ಸಹಪಾಠಿಯ ತಂದೆ, ಒಂದೇ ಬೀದಿಯಲ್ಲಿ ಹತ್ತು ವರ್ಷ ಇದ್ದು ದೂರವಾದವರು, ಇಂಥವರೊಂದಿಗೆ ಸಂಬಂಧ ಯಾವ ಕಡೆ ವಾಲುತ್ತದೆಂದು ಇನ್ನೂ ನಿರ್ಧಾರವಾಗಿರುವುದಿಲ್ಲ. ಆದ್ದರಿಂದ ಅವರೊಂದಿಗಿನ ಮಾತಿನಲ್ಲೇ ಅಸ್ಪಷ್ಟತೆ ಹೆಚ್ಚು. ನಡುವಿನವರೊಬ್ಬರು ನಿಮಗೆ ದಿನವಿಲ್ಲದ ಕರೆ ಕೊಟ್ಟರೆ ಅದರಿಂದ ನಿರಾಸಕ್ತಿಯನ್ನು ಊಹಿಸಬೇಕಾಗಿಲ್ಲ. ನಿಮ್ಮನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೂ ತಿಳಿಯದು, ಅಷ್ಟೆ. ಅದೇ ಮಾತು ತೀರ ಹತ್ತಿರವಿದ್ದ ಗೆಳೆಯನಿಂದ ಬಂದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ತೋರಿಕೆಯ ಕರೆಯನ್ನು ಗುರುತಿಸುವ ಬಗೆಯನ್ನು ಮನೋವಿಜ್ಞಾನಿಗಳಾದ ಎಲೆನ್ ಐಸಾಕ್ಸ್ ಮತ್ತು ಹರ್ಬರ್ಟ್ ಕ್ಲಾರ್ಕ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಬಿಡಿಸಿ ಹೇಳುತ್ತದೆ. ಅವರ ಮುಖ್ಯ ಮಾತು, ತೋರಿಕೆಯ ಕರೆ ಸುಳ್ಳಲ್ಲ ಎಂಬುದು. ಸುಳ್ಳಿನಲ್ಲಿ ಒಬ್ಬರು ಇನ್ನೊಬ್ಬರನ್ನು ನಂಬಿಸಲು ನೋಡುತ್ತಾರೆ. ಇಲ್ಲಿ ಇದು ತೋರಿಕೆಯೆಂದು ಇಬ್ಬರಿಗೂ ಗೊತ್ತು, ಇಬ್ಬರಿಗೂ ಗೊತ್ತೆಂಬುದೂ ಇಬ್ಬರಿಗೂ ಗೊತ್ತು. ಹಾಗಿದ್ದೂ ಇಬ್ಬರೂ ಸೇರಿ ಆಟವನ್ನು ನಡೆಸಿಕೊಡುತ್ತಾರೆ, ಏಕೆಂದರೆ ಆ ಕರೆಯ ನಿಜವಾದ ಸಂದೇಶ ‘ನೀವು ನನಗೆ ಬೇಡದವರಲ್ಲ’ ಎಂಬುದು, ಮತ್ತು ಆ ಸಂದೇಶ ಸತ್ಯವೇ ಆಗಿರಬಹುದು. ಇಂಥ ಕರೆಗಳಿಗೆ ಅವರು ಏಳು ಲಕ್ಷಣಗಳನ್ನು ಹೇಳುತ್ತಾರೆ. ಬರಲಾಗದವರನ್ನು ಕರೆಯುವುದು, ಎದುರಿನವರು ವಿಷಯ ಎತ್ತಿದ ಮೇಲಷ್ಟೇ ಕರೆಯುವುದು, ಕರೆಯಲು ಶಿಷ್ಟಾಚಾರಕ್ಕಿಂತ ಹೆಚ್ಚಿನ ಕಾರಣ ಕೊಡದಿರುವುದು, ಒತ್ತಾಯಿಸದಿರುವುದು, ಏರ್ಪಾಟನ್ನು ಅಸ್ಪಷ್ಟವಾಗಿ ಬಿಡುವುದು ಇತ್ಯಾದಿ. ದಿನ ಹೇಳದಿರುವುದು ಏಳರಲ್ಲಿ ಒಂದು ಮಾತ್ರ. ಅದೊಂದನ್ನೇ ಹಿಡಿದು ತೀರ್ಪು ಕೊಡುವುದೇ ನಾವು ಸಾಮಾನ್ಯವಾಗಿ ಮಾಡುವ ತಪ್ಪು.

ಈ ಲಕ್ಷಣಗಳಲ್ಲಿ ಒತ್ತಾಯದ ಮಾತು ನಮ್ಮ ಕಡೆ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ‘ಬರಲೇಬೇಕು, ಬರದಿದ್ದರೆ ಬೇಜಾರಾಗುತ್ತೆ, ಮನೆಮಂದಿಯೆಲ್ಲ ಬರಬೇಕು’ ಎಂಬ ಒತ್ತಾಯ ನಮ್ಮಲ್ಲಿ ಉಪಚಾರದ ಭಾಗವೇ ಆಗಿದೆ. ಇರಾನಿನ ‘ತಾರೊಫ್’ ಪದ್ಧತಿಯಲ್ಲೂ ಮರ್ಯಾದೆಗಾಗಿ ಕರೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಅಂಥ ಕಡೆಗಳಲ್ಲಿ ಎಷ್ಟು ಸಲ ಕರೆದರು ಎಂದು ಎಣಿಸಿ ಪ್ರಯೋಜನವಿಲ್ಲ, ಪ್ರತಿ ಸಲ ಕರೆದಾಗ ವಿವರ ಹೆಚ್ಚಾಯಿತೇ ಎಂದು ನೋಡಬೇಕು. ‘ಬನ್ನಿ ಬನ್ನಿ, ಬರಲೇಬೇಕು’ ಎಂಬಲ್ಲಿ ದನಿ ಏರಿದೆಯೇ ಹೊರತು ವಿವರ ನಿಂತಲ್ಲೇ ನಿಂತಿದೆ. ‘ಬನ್ನಿ, ಮೆಟ್ರೊ ನಿಲ್ದಾಣದಿಂದ ನಾನೇ ಬಂದು ಕರೆದುಕೊಂಡು ಹೋಗ್ತೀನಿ’ ಎಂಬಲ್ಲಿ ವಿವರ ಒಂದು ಹೆಜ್ಜೆ ಮುಂದೆ ಬಂದಿದೆ. ಮದುವೆಯ ಕರೆಯೋಲೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಕ್ಕೂ, ಮನೆಗೇ ಬಂದು ಕುಂಕುಮ ಅಕ್ಷತೆಯಿಟ್ಟು ಕರೆಯುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಹಿರಿಯರು ಇದೇ ಲೆಕ್ಕದಲ್ಲಿ ಅಳೆಯುತ್ತಾರೆ. ಕರೆಯಲು ಎಷ್ಟು ಶ್ರಮ ಪಟ್ಟರು ಎಂಬುದೇ ಅಲ್ಲಿನ ಅಳತೆ. ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರು ಮೊದಲ ತಿಂಗಳು ಅಲ್ಲಿನವರ ‘ಒಮ್ಮೆ ಸೇರೋಣ’ ಎಂಬ ಮಾತನ್ನು ನಂಬಿ ಕಾಯುವುದೂ, ಆಮೇಲೆ ಅಲ್ಲಿನವರೆಲ್ಲ ಬಾಯಿಮಾತಿನವರೆಂದು ತೀರ್ಮಾನಿಸುವುದೂ ಈ ಅಳತೆಗೋಲು ಬೇರೆಯಾದ್ದರಿಂದಲೇ. ವುಲ್ಫ್‌ಸನ್ ಕೂಡ ಪರದೇಶದವರ ಇದೇ ದೂರನ್ನು ಪ್ರಸ್ತಾಪಿಸಿದ್ದಾರೆ.

ನನ್ನ ಕಲ್ಯಾಣ ಮಂಟಪದ ಪ್ರಸಂಗವನ್ನು ಈಗ ಈ ಲಕ್ಷಣಗಳಿಗೆ ಹಚ್ಚಿ ನೋಡೋಣ. ಕರೆ ಬಂದದ್ದು ಮುಕ್ತಾಯದ ಅಂಚಿನಲ್ಲಿ, ಅದು ತೋರಿಕೆಯ ಕಡೆಗೆ ತೂಗುತ್ತದೆ. ದಿನ, ಜಾಗ ಎರಡೂ ಇರಲಿಲ್ಲ. ಆದರೆ ನಾನು ವಿಷಯ ಎತ್ತುವ ಮೊದಲೇ ಅವರಾಗಿಯೇ ಹೇಳಿದರು. ‘ಆರಾಮಾಗಿ ಕೂತು ಮಾತಾಡೋಣ’ ಎಂಬುದರಲ್ಲಿ, ಸಣ್ಣದಾದರೂ, ಶಿಷ್ಟಾಚಾರದ ಆಚೆಗಿನ ಒಂದು ಕಾರಣವಿತ್ತು. ಇದಿಷ್ಟರಿಂದ ಹೇಳಬಹುದಾದದ್ದು ಇನ್ನೂ ಏನೂ ನಿರ್ಧಾರವಾಗಿಲ್ಲ ಎಂದು ಮಾತ್ರ. ನನ್ನ ಕಡೆಯ ಲೆಕ್ಕವಂತೂ ಇನ್ನೂ ಕಷ್ಟದ್ದಾಗಿತ್ತು, ಏಕೆಂದರೆ ‘ಖಂಡಿತ’ ಎಂದಾಗ ನಾನು ಮನಸ್ಸಿಟ್ಟೇ ಹೇಳಿದ್ದೆ, ಮತ್ತು ಆಮೇಲೆ ಆರು ವಾರ ಏನೂ ಮಾಡಲಿಲ್ಲ.

ಶಿಷ್ಟಾಚಾರ ಅಥವಾ ಆಸಕ್ತಿ ಎಂಬ ಎರಡೇ ಪೆಟ್ಟಿಗೆಯ ವಿಂಗಡಣೆ ಸಾಲದಾಗುವುದು ಇಲ್ಲಿಯೇ. ಮನಸ್ಸು ನಿಜವಾಗಿಯೂ ಇದ್ದು ದಿನ ಮಾತ್ರ ಹುಟ್ಟದ ಮೂರನೆಯ ಬಗೆಯೊಂದಿದೆ. ಗ್ರಾಹಕರ ವರ್ತನೆಯ ಸಂಶೋಧಕರಾದ ಗಾಲ್ ಜೌಬರ್‌ಮನ್ ಮತ್ತು ಜಾನ್ ಲಿಂಚ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದರ ಒಂದು ಕಾರಣವನ್ನು ತೋರಿಸುತ್ತವೆ. ಇಂದಿಗಿಂತ ಮುಂದೆ ನಮಗೆ ಬಿಡುವು ಹೆಚ್ಚಾಗಿರುತ್ತದೆಂದು ಜನ ನಂಬುತ್ತಾರೆ, ಮತ್ತು ಈ ನಂಬಿಕೆ ಹಣದ ವಿಷಯಕ್ಕಿಂತ ಕಾಲದ ವಿಷಯದಲ್ಲಿ ಬಲವಾಗಿರುತ್ತದೆ. ಮುಂದಿನ ತಿಂಗಳ ಜೇಬು ಇಂದಿನಷ್ಟೇ ಖಾಲಿಯಿರುತ್ತದೆಂದು ನಮಗೆ ಗೊತ್ತು, ಮುಂದಿನ ತಿಂಗಳ ಭಾನುವಾರ ಮಾತ್ರ ಬಯಲಿನಂತೆ ಕಾಣುತ್ತದೆ. ಮಂಟಪದಲ್ಲಿ ನಿಂತು ‘ಸಿಗೋಣ’ ಎಂದಾಗ ಆ ಬಯಲನ್ನೇ ನಂಬಿ ಹೇಳಿರುತ್ತೇವೆ. ಆ ಭಾನುವಾರ ಬಂದಾಗ ಗ್ಯಾಸ್ ಒಲೆಯ ರಿಪೇರಿಯವನು, ನೆಂಟರ ಮನೆಯ ನಾಮಕರಣ, ಮಗನ ಪ್ರಾಜೆಕ್ಟು ಎಲ್ಲವೂ ಅದರಲ್ಲಿ ಬಂದು ಕುಳಿತಿರುತ್ತವೆ. ಅದರ ಮೇಲೆ ಬೆಂಗಳೂರಿನ ದೂರ. ಯಲಹಂಕದಲ್ಲಿರುವವರೂ ಎಲೆಕ್ಟ್ರಾನಿಕ್ ಸಿಟಿಯ ಬಳಿ ಇರುವವರೂ ಒಂದೇ ಊರಿನವರೆಂದು ಹೇಳಿಕೊಳ್ಳುತ್ತಾರೆ, ನಡುವೆ 30 ಕಿಲೋಮೀಟರಿಗೂ ಹೆಚ್ಚಿನ ದಾರಿಯಿದೆ. ಹಾಗೆ ನೋಡಿದರೆ ಮೈಸೂರಿನಿಂದ ಬರುವ ಗೆಳೆಯನೇ ಹೆಚ್ಚು ಸಲ ಸಿಗುತ್ತಾನೆ, ಏಕೆಂದರೆ ಅವನಿಗೆ ಹಿಂತಿರುಗುವ ರೈಲಿದೆ, ಆದ್ದರಿಂದ ಗಂಟೆಯನ್ನು ಮೊದಲೇ ಹೇಳಲೇಬೇಕು.

ಹಾಗಾದರೆ ಮೂರನ್ನೂ ಬೇರ್ಪಡಿಸುವುದು ಹೇಗೆ? ಕೇಳಿ ತಿಳಿಯುವಂತಿಲ್ಲ. ‘ನಿಜವಾಗಿ ಹೇಳಿದಿರಾ?’ ಎಂದು ಕೇಳಿದರೆ ತೋರಿಕೆಗೆ ಹೇಳಿದವರೂ ‘ಅಯ್ಯೋ, ನಿಜವಾಗಿ’ ಎಂದೇ ಹೇಳಬೇಕಾಗುತ್ತದೆ. ಉಳಿದ ದಾರಿಯೆಂದರೆ ತೇಲುವ ಕರೆಗೆ ಒಂದೇ ಒಂದು ಗಟ್ಟಿ ವಿವರ ಸೇರಿಸಿ, ಎದುರಿನವರು ಅದನ್ನು ಏನು ಮಾಡುತ್ತಾರೆಂದು ನೋಡುವುದು. ವಿವರ ಸಣ್ಣದಿರಬೇಕು, ತಪ್ಪಿಸಿಕೊಳ್ಳುವ ಬಾಗಿಲು ಅದರಲ್ಲೇ ಇರಬೇಕು. ಆರು ವಾರದ ಮೇಲೆ ನಾನು ಕಳಿಸಿದ ಸಂದೇಶ ಹೀಗಿತ್ತು: ‘ನಮಸ್ಕಾರ. ಈ ಶನಿವಾರ ಬೆಳಿಗ್ಗೆ ಲಾಲ್‌ಬಾಗ್‌ಗೆ ವಾಕಿಂಗ್ ಬರ್ತೀನಿ, ಎಂಟರ ಮೇಲೆ ಪಶ್ಚಿಮ ದ್ವಾರದ ಹತ್ತಿರ ಕಾಫಿ ಕುಡಿಯೋದು ರೂಢಿ. ನಿಮಗೆ ಆ ಕಡೆ ಬರೋದಿದ್ರೆ ಹೇಳಿ, ಇಲ್ಲದಿದ್ರೆ ಇನ್ನೊಂದ್ಸಲ ನೋಡೋಣ.’ ಇದರಲ್ಲಿ ವುಲ್ಫ್‌ಸನ್ ಹೇಳುವ ಕಾಲ, ಜಾಗ, ಉತ್ತರದ ಅಪೇಕ್ಷೆ ಮೂರೂ ಇವೆ. ಆದರೆ ಅವರು ಬಂದರೂ ಬರದಿದ್ದರೂ ನಾನು ಅಲ್ಲಿಗೆ ಹೋಗುವವನೇ ಆದ್ದರಿಂದ ಅವರ ಮೇಲೆ ಭಾರವಿಲ್ಲ.

ಇಂಥ ಸಂದೇಶಕ್ಕೆ ‘ಆಗಲ್ಲ’ ಎಂಬ ಉತ್ತರ ಬಂದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ‘ಆಗಲ್ಲ’ದ ಪಕ್ಕದಲ್ಲಿ ಏನಿದೆ ಎಂಬುದರಿಂದ ಬಹಳ ತಿಳಿಯುತ್ತದೆ. ‘ಈ ಶನಿವಾರ ಆಗಲ್ಲ, ಮುಂದಿನ ಶನಿವಾರ ಇರ್ತೀರಾ?’ ಎಂದರೆ ನಿಮ್ಮ ವಿವರವನ್ನು ತಿರಸ್ಕರಿಸಿ ತಮ್ಮ ವಿವರವನ್ನು ಎದುರಿಟ್ಟಿದ್ದಾರೆ, ಎಳೆಗೆ ಅವರೂ ಕೈ ಹಾಕಿದ್ದಾರೆ. ‘ಶನಿವಾರ ಮನೇಲಿ ಪೂಜೆ ಸಾರ್, ತಪ್ಪು ತಿಳ್ಕೋಬೇಡಿ’ ಎಂದು ಕಾರಣವಷ್ಟೇ ಬಂದು ಬದಲಿ ದಿನ ಬರದಿದ್ದರೆ, ಆ ಕಾರಣ ಪೂರ್ತಿ ಸತ್ಯವಿರಬಹುದು, ಆದರೂ ಚೆಂಡು ಮತ್ತೆ ನಿಮ್ಮ ಅಂಗಳದಲ್ಲಿದೆ. ‘ಖಂಡಿತ ಸಿಗೋಣ ಸಾರ್’ ಎಂದು ಬಂದರೆ ನಿಮ್ಮ ಗಟ್ಟಿ ವಿವರವನ್ನು ಕರಗಿಸಿ ಮತ್ತೆ ತೇಲುವ ಮಾತನ್ನಾಗಿ ಮಾಡಿ ಹಿಂತಿರುಗಿಸಿದ್ದಾರೆ, ಇದು ಇರುವುದರಲ್ಲೇ ಸ್ಪಷ್ಟವಾದ ಗುರುತು. ಹೆಬ್ಬೆರಳಿನ ಚಿತ್ರವನ್ನು ನಾನು ಇದೇ ಗುಂಪಿಗೆ ಸೇರಿಸುತ್ತೇನೆ. ನಿಜವಾಗಿಯೂ ಕೆಲಸದ ಒತ್ತಡದಲ್ಲಿ ಇದ್ದವರಿಗೆ ಅವಕಾಶ ಸಿಗಲೆಂದು ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಬೇರೆ ವಿವರವಿಟ್ಟು ನೋಡಬಹುದು. ಆಗಲೂ ಬದಲಿ ದಿನ ಬರದಿದ್ದರೆ ಮೂರನೆಯ ಸಲ ಕೇಳುವುದು ಅವರನ್ನು ‘ಇಲ್ಲ’ ಎಂದು ಬಾಯಿಬಿಟ್ಟು ಹೇಳುವ ಮುಜುಗರಕ್ಕೆ ತಳ್ಳುವುದಾಗುತ್ತದೆ. ಆ ಮುಜುಗರವನ್ನು ತಪ್ಪಿಸಲೆಂದೇ ಅವರು ಇಷ್ಟು ದಿನ ಆ ಮಾತನ್ನು ಬಳಸಿದ್ದು.

ಈ ಪರೀಕ್ಷೆ ನಡೆಯುವುದು ಸರಿಸಮಾನರ ನಡುವೆ ಮಾತ್ರ. ನಿವೃತ್ತರಾದ ಮೇಲಧಿಕಾರಿಗೆ ಅಥವಾ ಹಳೆಯ ಮೇಷ್ಟರಿಗೆ ಬದಲಿ ದಿನ ಸೂಚಿಸುವುದು ಅಧಿಕಪ್ರಸಂಗವೆಂದು ಕಿರಿಯರು ಸುಮ್ಮನಿರುತ್ತಾರೆ, ‘ನೀವು ಹೇಳಿದಾಗ ಬರ್ತೀನಿ ಸಾರ್’ ಎನ್ನುತ್ತಾರೆ. ಅಲ್ಲಿ ಬದಲಿ ದಿನ ಬರಲಿಲ್ಲವೆಂದು ನಿರಾಸಕ್ತಿ ಓದಿದರೆ ಪೂರ್ತಿ ತಪ್ಪಾಗುತ್ತದೆ, ದಿನ ಹಾಕಬೇಕಾದವರು ಹಿರಿಯರೇ. ಹೆಣ್ಣುಮಗಳೊಬ್ಬಳು ಅಷ್ಟಾಗಿ ಪರಿಚಯವಿಲ್ಲದ ಗಂಡಸಿಗೆ ‘ನೋಡೋಣ, ಯಾವಾಗಲಾದರೂ’ ಎಂದಾಗ ಪರೀಕ್ಷೆಯ ಅಗತ್ಯವೇ ಇಲ್ಲ. ನೇರವಾಗಿ ‘ಇಲ್ಲ’ ಎಂದರೆ ಎದುರಿನವನು ಹೇಗೆ ನಡೆದುಕೊಳ್ಳುವನೋ ತಿಳಿಯದ ಕಡೆ ಆ ಮಾತು ಅವಳ ರಕ್ಷಣೆಗಿದೆ. ಅದನ್ನು ‘ಇಲ್ಲ’ ಎಂದೇ ಓದಿ, ಆಸಕ್ತಿಯಿದ್ದರೆ ಅವಳೇ ದಿನ ಹೇಳಲೆಂದು ಬಿಡಬೇಕು.

ನನ್ನ ಸಂದೇಶಕ್ಕೆ ಉತ್ತರ ಮರುದಿನ ಬಂತು. ‘ಶನಿವಾರ ಮಗಳಿಗೆ ಕ್ಲಾಸಿದೆ ಸಾರ್, ಅವಳನ್ನ ಬಿಡೋಕೆ ಮಲ್ಲೇಶ್ವರಕ್ಕೆ ಬರ್ತೀನಿ. ಹತ್ತರಿಂದ ಹನ್ನೆರಡರವರೆಗೂ ಖಾಲಿ, ಅಲ್ಲಿಗೇ ಬಂದ್ಬಿಡಿ.’ ಹೋದೆ. ಎರಡು ಗಂಟೆ ಮಾತನಾಡಿದೆವು, ‘ಆ ಹಳೆಯ ಲೆಕ್ಕಪತ್ರದಲ್ಲಿ ತಪ್ಪು ಮಾಡಿದ್ದು ನಾನೇ’ ಎಂದು ಅವರು ಈಗ ಒಪ್ಪಿಕೊಂಡರು. ಮಗಳು ಬಂದ ಮೇಲೆ ಎದ್ದು ನಿಂತು ಅವರು ಮತ್ತೆ ‘ಸಿಗೋಣ ಸಾರ್’ ಎಂದರು, ದಿನ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದಾಗ ಹೆಂಡತಿ ಈ ಸಲವೂ ‘ಮತ್ತೆ ಯಾವಾಗಂತೆ?’ ಎಂದಳು. ಅವರ ಮಗಳ ಕ್ಲಾಸು ಪ್ರತಿ ಶನಿವಾರವೂ ಇದೆ ಎಂದೆ.